ಬಟನ್ ಒತ್ತಿದ ದಿನ

ಹಾವೇರಿ ಕಡೆಯ ಒಂದು ಹಾರ್ಡ್‌ವೇರ್ ಅಂಗಡಿಯನ್ನು ಕಣ್ಣ ಮುಂದೆ ತಂದುಕೊಳ್ಳಿ. ಪೈಪು, ಪೇಂಟು, ಬೀಗ, ಮೊಳೆ. ಲೆಕ್ಕಕ್ಕಾಗಿ ನಾನು ಕಟ್ಟಿಕೊಂಡ ಅಂಗಡಿ ಇದು. ಆದರೆ ಇಂಥ ಕಥೆ ನಡೆಯದ ಊರು ಕರ್ನಾಟಕದಲ್ಲಿ ಸಿಗುವುದು ಕಷ್ಟ. 2019ರ ಫೆಬ್ರವರಿಯಲ್ಲಿ ಅಂಗಡಿಯವರು 12 ಲಕ್ಷ ರೂಪಾಯಿಯ ಮಾಲು ಖರೀದಿಸಿದರು. ಅದರ ಮೇಲೆ ಶೇಕಡಾ 18ರಂತೆ 2,16,000 ರೂಪಾಯಿ ಜಿಎಸ್‌ಟಿಯನ್ನು ಸಗಟು ವ್ಯಾಪಾರಿಗೆ ಕೊಟ್ಟರು. ಅದೇ ತಿಂಗಳು 13.5 ಲಕ್ಷದ ವ್ಯಾಪಾರ ಮಾಡಿ ಗಿರಾಕಿಗಳಿಂದ 2,43,000 ರೂಪಾಯಿ ತೆರಿಗೆ ಪಡೆದರು. ಖರೀದಿಯಲ್ಲಿ ಕೊಟ್ಟಿದ್ದನ್ನು ಮಾರಾಟದಲ್ಲಿ ಬಂದಿದ್ದರಿಂದ ಕಳೆದು, ಉಳಿದ 27,000 ರೂಪಾಯಿಯನ್ನು ಸರ್ಕಾರಕ್ಕೆ ಕಟ್ಟಬೇಕು. ಹೀಗೆ ಕಳೆದುಕೊಳ್ಳುವ ಮೊತ್ತಕ್ಕೇ ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್ ಎನ್ನುವುದು. ವ್ಯಾಪಾರಿಗಳ ಬಾಯಲ್ಲಿ ಅದು ಐಟಿಸಿ, ಇಲ್ಲವೇ ಬರೀ ‘ಇನ್‌ಪುಟ್’.

ಆ ತಿಂಗಳ ಜಿಎಸ್‌ಟಿಆರ್-3ಬಿ ರಿಟರ್ನ್ ಹಾಕಲು ಕೊನೆಯ ದಿನ 2019ರ ಮಾರ್ಚ್ 20. ಗುತ್ತಿಗೆದಾರರಿಂದ ಬರಬೇಕಾದ ಹಣ ಬರಲಿಲ್ಲ, ಕೈಯಲ್ಲಿ 27,000 ಇರಲಿಲ್ಲ. ಇರುವಷ್ಟು ಕಟ್ಟಿ ರಿಟರ್ನ್ ಹಾಕಿಬಿಡೋಣ ಎಂದರೆ ಪೋರ್ಟಲ್ ಬಿಡುವುದಿಲ್ಲ. ಆ ತಿಂಗಳ ತೆರಿಗೆ ಪೂರ್ತಿ ತೀರದೆ 3ಬಿ ಸಲ್ಲಿಕೆಯಾಗುವುದಿಲ್ಲ, ಹಿಂದಿನ ತಿಂಗಳದ್ದು ಹೋಗದೆ ಮುಂದಿನದು ತೆರೆಯುವುದಿಲ್ಲ. ಅಂತೂ ಹಣ ಹೊಂದಿಸಿ ಅವರು ರಿಟರ್ನ್ ಹಾಕಿದ್ದು 2020ರ ಫೆಬ್ರವರಿ 10ಕ್ಕೆ. 27,000 ತೆರಿಗೆ, ಅದರ ಮೇಲೆ ಸುಮಾರು 4,350 ಬಡ್ಡಿ, ಗರಿಷ್ಠ ಮಿತಿ ಮುಟ್ಟಿದ್ದ 10,000 ರೂಪಾಯಿ ತಡ ಶುಲ್ಕ. ಎಲ್ಲವನ್ನೂ ಕಟ್ಟಿದರು. ತಡವಾಗಿದ್ದಕ್ಕೆ ತೆರಬೇಕಾದ್ದನ್ನು ತೆತ್ತಾಯಿತು ಎಂದುಕೊಂಡರು. ಯಾರಾದರೂ ಹಾಗೆಯೇ ಅಂದುಕೊಳ್ಳುತ್ತಾರೆ.

2023ರ ಡಿಸೆಂಬರ್‌ನಲ್ಲಿ ನೋಟಿಸ್ ಬಂತು. ಡಿಆರ್‌ಸಿ-01 ಎಂಬ ನಮೂನೆ, ಜೊತೆಗೆ ಎರಡು ಪುಟದ ವಿವರಣೆ. ಕಲಂ 16(4)ರ ಅವಧಿ ಮೀರಿದ ಮೇಲೆ 2,16,000 ರೂಪಾಯಿ ಐಟಿಸಿ ಪಡೆದಿದ್ದೀರಿ, ಅದನ್ನು ಬಡ್ಡಿ ಮತ್ತು ದಂಡದೊಂದಿಗೆ ಏಕೆ ವಸೂಲು ಮಾಡಬಾರದು ಎಂಬುದಕ್ಕೆ ಕಾರಣ ತಿಳಿಸಿ ಎಂದಿತ್ತು. 2024ರ ಮಾರ್ಚ್ 20ಕ್ಕೆ ಆದೇಶವೂ ಆಯಿತು. ಬಡ್ಡಿಯನ್ನು ರಿಟರ್ನ್‌ನ ಮೂಲ ಗಡುವಿನಿಂದಲೇ ಎಣಿಸಿದ್ದರು. ವರ್ಷಕ್ಕೆ ಶೇಕಡಾ 18ರಂತೆ ಐದು ವರ್ಷ ಎಂದರೆ ಶೇಕಡಾ 90, ಅಂದರೆ 1,94,400 ರೂಪಾಯಿ. ದಂಡ ಶೇಕಡಾ 10, ಅದು 21,600. ಅಸಲಿಗೆ ಸಮನಾದ ಹೊರೆ ಅಸಲಿನ ಮೇಲೆ ಕೂತು ಒಟ್ಟು 4,32,000 ರೂಪಾಯಿ ಆಯಿತು.

ಈ ಲೆಕ್ಕದಲ್ಲಿ ಕಣ್ಣಿಗೆ ಬೀಳದ ಒಂದು ಸಂಗತಿಯಿದೆ. ಸಗಟು ವ್ಯಾಪಾರಿ ತಾನು ಪಡೆದ 2,16,000ವನ್ನು ಆಗಲೇ ಸರ್ಕಾರಕ್ಕೆ ಕಟ್ಟಿದ್ದ. ಅಂಗಡಿಯವರ 27,000 ಸೇರಿದರೆ 2,43,000. ಗಿರಾಕಿಗಳು ಕೊಟ್ಟ ತೆರಿಗೆಯಲ್ಲಿ ಒಂದು ರೂಪಾಯಿಯೂ ಬೊಕ್ಕಸಕ್ಕೆ ಕಡಿಮೆ ಬಿದ್ದಿರಲಿಲ್ಲ. ಈಗ ಕೇಳುತ್ತಿರುವ 2,16,000 ಅದೇ ಮಾಲಿನ ಮೇಲೆ ಎರಡನೇ ಸಲ ಕೇಳುತ್ತಿರುವ ತೆರಿಗೆ. ನಕಲಿ ಬಿಲ್ಲಿಗೂ ಇದಕ್ಕೂ ಯಾವ ಹೋಲಿಕೆಯೂ ಇಲ್ಲ. ಇಲ್ಲಿ ಬಿಲ್ಲು ನಿಜ, ಮಾಲು ನಿಜ, ತೆರಿಗೆ ಸಂದಾಯವಾಗಿದ್ದೂ ನಿಜ. ತಪ್ಪಿದ್ದು ತಾರೀಖು ಮಾತ್ರ.

ಹಾಗಾದರೆ ಆ ತಾರೀಖು ಯಾವುದು? ಕೇಂದ್ರ ಜಿಎಸ್‌ಟಿ ಕಾಯ್ದೆಯ ಕಲಂ 16(4) ಮೊದಲು ಹೇಳುತ್ತಿದ್ದುದು ಹೀಗೆ: ಒಂದು ಆರ್ಥಿಕ ವರ್ಷದ ಬಿಲ್ಲಿನ ಕ್ರೆಡಿಟ್ಟನ್ನು ಆ ವರ್ಷ ಮುಗಿದ ಮೇಲೆ ಬರುವ ಸೆಪ್ಟೆಂಬರ್ ತಿಂಗಳ ರಿಟರ್ನ್‌ನ ಗಡುವಿನೊಳಗೆ ಪಡೆಯಬೇಕು. ಆ ಗಡುವು ಸಾಮಾನ್ಯವಾಗಿ ಅಕ್ಟೋಬರ್ 20. ನಮ್ಮ ಅಂಗಡಿಯ ಬಿಲ್ಲುಗಳು 2018-19ರವು, ಆದ್ದರಿಂದ ಕೊನೆಯ ದಿನ 2019ರ ಅಕ್ಟೋಬರ್ 20. ಜಿಎಸ್‌ಟಿಯ ಮೊದಲ ವರ್ಷವಾದ 2017-18ಕ್ಕೆ ಮಾತ್ರ, ಎಲ್ಲರೂ ಹೊಸಬರೆಂದು, 2019ರ ಮಾರ್ಚ್ ತಿಂಗಳ ರಿಟರ್ನ್‌ನ ಗಡುವಿನವರೆಗೆ ಷರತ್ತಿನ ಮೇಲೆ ಸಮಯ ಕೊಟ್ಟಿದ್ದರು. 2022ರ ಅಕ್ಟೋಬರ್ 1ರಿಂದ ಈ ನಿಯಮ ಬದಲಾಗಿ, ಗಡುವು ವರ್ಷ ಮುಗಿದ ಮೇಲಿನ ನವೆಂಬರ್ 30ಕ್ಕೆ ಬಂದಿದೆ.

ಇದರ ಜೊತೆಗೆ ಒಂದು ಬಾಲವಿದೆ. ನವೆಂಬರ್ 30 ಅಥವಾ ವಾರ್ಷಿಕ ರಿಟರ್ನ್ ಹಾಕಿದ ದಿನ, ಇವೆರಡರಲ್ಲಿ ಯಾವುದು ಮೊದಲೋ ಅದೇ ಗಡುವು. ಶಿಸ್ತಿನವರೊಬ್ಬರು ಆಗಸ್ಟ್‌ನಲ್ಲೇ ವಾರ್ಷಿಕ ರಿಟರ್ನ್ ಮುಗಿಸಿದರೆ ಆ ವರ್ಷದ ಬಾಗಿಲು ಅವರಿಗೆ ಅಂದೇ ಮುಚ್ಚುತ್ತದೆ. ಸೆಪ್ಟೆಂಬರ್‌ನಲ್ಲಿ ಡ್ರಾಯರಿನಲ್ಲಿ ಸಿಕ್ಕ ಹಳೆಯ ಬಿಲ್ಲು ಆಗ ಉಪಯೋಗಕ್ಕಿಲ್ಲ. ವಾರ್ಷಿಕ ರಿಟರ್ನ್‌ಗೆ ಡಿಸೆಂಬರ್ 31ರವರೆಗೆ ಸಮಯವಿರುವಾಗ, ಖರೀದಿ ಪುಸ್ತಕವನ್ನೂ ಪೋರ್ಟಲ್‌ನ ಜಿಎಸ್‌ಟಿಆರ್-2ಬಿಯನ್ನೂ ಸಾಲು ಸಾಲು ತಾಳೆ ನೋಡುವ ಮೊದಲು ಅದನ್ನು ಹಾಕಬೇಡಿ ಎಂದು ನಾನು ಕೇಳಿದವರಿಗೆಲ್ಲ ಹೇಳುತ್ತೇನೆ.

ಜನ ಎಡವುವ ಜಾಗ ಇನ್ನೊಂದು. ಗಡುವು ಇರುವುದು ಮರೆತುಹೋದ ಬಿಲ್ಲನ್ನು ಮುಂದಿನ ತಿಂಗಳುಗಳಲ್ಲಿ ಸೇರಿಸುವವರಿಗೆ ಮಾತ್ರ ಎಂದು ಹಲವರ ನಂಬಿಕೆ. ‘ನಾನು ಫೆಬ್ರವರಿಯ ಬಿಲ್ಲನ್ನು ಫೆಬ್ರವರಿಯ ರಿಟರ್ನ್‌ನಲ್ಲೇ ತೋರಿಸಿದ್ದೇನಲ್ಲ, ತಡ ಎಲ್ಲಿ ಬಂತು?’ ಎಂದು ಅಂಗಡಿಯವರು ಕೇಳುತ್ತಾರೆ. ಇಲಾಖೆ ನೋಡುವುದು ರಿಟರ್ನ್ ಯಾವ ತಿಂಗಳದ್ದು ಎಂಬುದನ್ನಲ್ಲ, ಸಲ್ಲಿಸುವ ಬಟನ್ ಒತ್ತಿದ್ದು ಯಾವ ದಿನ ಎಂಬುದನ್ನು. ಕ್ರೆಡಿಟ್ ‘ಪಡೆದಂತೆ’ ಆಗುವುದು 3ಬಿ ಸಲ್ಲಿಕೆಯಾದ ಕ್ಷಣದಲ್ಲಿ. ಫೆಬ್ರವರಿ 2019ರ ರಿಟರ್ನನ್ನು ಫೆಬ್ರವರಿ 2020ರಲ್ಲಿ ಹಾಕಿದರೆ ಅದರೊಳಗಿನ ಅಷ್ಟೂ ಕ್ರೆಡಿಟ್ ಅವಧಿ ಮೀರಿದ್ದು. ಒಂದೆರಡು ಬಿಲ್ಲು ಮರೆತವರಿಗೆ ಒಂದೆರಡು ಬಿಲ್ಲಿನ ನಷ್ಟ. ರಿಟರ್ನನ್ನೇ ತಡ ಮಾಡಿದವರಿಗೆ ತಿಂಗಳ ಇಡೀ ಇನ್‌ಪುಟ್ ನಷ್ಟ. ದೊಡ್ಡ ಮೊತ್ತದ ನೋಟಿಸ್‌ಗಳ ಹಿಂದೆ ಹೆಚ್ಚಾಗಿ ನಿಂತಿರುವುದು ಈ ಎರಡನೆಯ ಬಗೆ.

ತಡ ಶುಲ್ಕ ಕಟ್ಟಿದ ಮೇಲೂ ಹೀಗೇಕೆ ಎಂಬ ಪ್ರಶ್ನೆ ನ್ಯಾಯಾಲಯಕ್ಕೂ ಹೋಗಿದೆ. 2023ರ ಜುಲೈನಲ್ಲಿ ಆಂಧ್ರಪ್ರದೇಶ ಹೈಕೋರ್ಟ್, ಸೆಪ್ಟೆಂಬರ್‌ನಲ್ಲಿ ಪಟ್ನಾ ಹೈಕೋರ್ಟ್ ಈ ಕಲಮನ್ನು ಎತ್ತಿಹಿಡಿದವು. ಕ್ರೆಡಿಟ್ ಎಂಬುದು ಕಾಯ್ದೆ ಷರತ್ತಿನ ಮೇಲೆ ಕೊಟ್ಟ ಸೌಲಭ್ಯ, ಕಾಲಮಿತಿಯೂ ಅಂಥ ಒಂದು ಷರತ್ತು ಎಂಬುದು ಆ ತೀರ್ಪುಗಳ ತಿರುಳು. ತಡ ಶುಲ್ಕದೊಂದಿಗೆ ರಿಟರ್ನ್ ಸ್ವೀಕೃತವಾದ ಮಾತ್ರಕ್ಕೆ ಕ್ರೆಡಿಟ್ಟಿನ ಗಡುವು ವಿಸ್ತರಣೆಯಾಗುವುದಿಲ್ಲ ಎಂದು ಆಂಧ್ರದ ತೀರ್ಪು ನೇರವಾಗಿಯೇ ಹೇಳಿತು. ಹಳೆಯ ಲೆಕ್ಕಗಳು ಎಂದಾದರೂ ಮುಚ್ಚಲೇಬೇಕೆಂಬ ವಾದ ನನಗೆ ಅರ್ಥವಾಗುತ್ತದೆ. ಆದರೆ ಪೂರ್ತಿ ಹಣ ಕಟ್ಟದೆ ರಿಟರ್ನೇ ಹೋಗದಂಥ ಪೋರ್ಟಲ್ ಕಟ್ಟಿ, ರಿಟರ್ನ್ ಹೋಗದ ಕಾರಣಕ್ಕೆ ಆಗಲೇ ಸಂದಾಯವಾದ ತೆರಿಗೆಯನ್ನೂ ಮುಟ್ಟುಗೋಲು ಹಾಕಿದರೆ, ಹಣಕ್ಕೆ ಕಷ್ಟಪಡುತ್ತಿದ್ದವನನ್ನೇ ಹುಡುಕಿ ಹೊಡೆದ ಹಾಗಾಗುತ್ತದೆ.

ಸರ್ಕಾರಕ್ಕೂ ಇದು ಕೊನೆಗೆ ಅರಿವಾಯಿತು. 2024ರ ಜೂನ್ 22ರಂದು ನಡೆದ ಜಿಎಸ್‌ಟಿ ಮಂಡಳಿಯ 53ನೇ ಸಭೆ ಶಿಫಾರಸು ಮಾಡಿತು, ಆ ವರ್ಷದ ಹಣಕಾಸು ಕಾಯ್ದೆ ಕಲಂ 16ಕ್ಕೆ (5) ಎಂಬ ಹೊಸ ಉಪಕಲಮನ್ನು ಸೇರಿಸಿತು. 2017-18, 2018-19, 2019-20 ಮತ್ತು 2020-21, ಈ ನಾಲ್ಕು ವರ್ಷಗಳ ಬಿಲ್ಲುಗಳ ಕ್ರೆಡಿಟ್ಟನ್ನು 2021ರ ನವೆಂಬರ್ 30ರೊಳಗೆ ಸಲ್ಲಿಸಿದ ಯಾವುದೇ ರಿಟರ್ನ್‌ನಲ್ಲಿ ಪಡೆದಿದ್ದರೂ ಅದು ಸಕಾಲದ್ದೇ. 2017ರ ಜುಲೈ 1ರಿಂದಲೇ ಹೀಗಿತ್ತೆಂದು ತಿಳಿಯಬೇಕು ಎಂದೂ ಬರೆದರು. ಇದು ಜಾರಿಗೆ ಬಂದದ್ದು 2024ರ ಸೆಪ್ಟೆಂಬರ್ 27ರಂದು.

ಹಾವೇರಿಯ ಅಂಗಡಿಗೆ ಮರಳೋಣ. ಬಿಲ್ಲು 2018-19ರದು, ಬಟನ್ ಒತ್ತಿದ್ದು 2020ರ ಫೆಬ್ರವರಿ 10. ಎರಡೂ ಹೊಸ ಗೆರೆಯೊಳಗಿವೆ. 4,32,000ಕ್ಕೆ ಆಧಾರವೇ ಉಳಿಯಲಿಲ್ಲ. ಆದರೆ ಆಧಾರ ಹೋದ ಮಾತ್ರಕ್ಕೆ ಪೋರ್ಟಲ್‌ನಲ್ಲಿರುವ ಬಾಕಿ ತಾನಾಗಿ ಅಳಿಯುವುದಿಲ್ಲ. ಅಂಗಡಿಯವರು ಆದೇಶದ ವಿರುದ್ಧ ಮೂರು ತಿಂಗಳೊಳಗೆ ಮೇಲ್ಮನವಿ ಹಾಕಿದ್ದರೆ (ಅದಕ್ಕೆ ತೆರಿಗೆಯ ಶೇಕಡಾ 10, ಅಂದರೆ 21,600 ಮೊದಲೇ ಕಟ್ಟಬೇಕಿತ್ತು) ಮೇಲ್ಮನವಿ ಅಧಿಕಾರಿಯ ಮುಂದೆ 16(5)ನ್ನು ತೋರಿಸಿದರೆ ಸಾಕು. ಮೇಲ್ಮನವಿ ಹಾಕದವರಿಗೆಂದೇ 2024ರ ಅಕ್ಟೋಬರ್ 8ರಂದು ಒಂದು ಅಧಿಸೂಚನೆ ಬಂತು. ಆದೇಶ ಕೊಟ್ಟ ಅಧಿಕಾರಿಗೇ ತಿದ್ದುಪಡಿ ಅರ್ಜಿಯನ್ನು ಪೋರ್ಟಲ್ ಮೂಲಕ ಕೊಡಬಹುದು, ಅದಕ್ಕೆ ಆರು ತಿಂಗಳು ಸಮಯ ಎಂದಿತು. ಆ ಸಮಯ 2025ರ ಏಪ್ರಿಲ್ ಮೊದಲ ವಾರಕ್ಕೆ ಮುಗಿದಿದೆ. ಅದನ್ನೂ ತಪ್ಪಿಸಿಕೊಂಡವರಿಗೆ ಉಳಿದಿರುವ ದಾರಿ ಹೈಕೋರ್ಟ್‌ಗೆ ರಿಟ್ ಅರ್ಜಿ. ಕಾಯ್ದೆಯೇ ಹಕ್ಕು ಕೊಟ್ಟಿರುವಾಗ ಅರ್ಜಿಯ ಗಡುವು ಅದನ್ನು ಕಸಿಯಬಾರದು ಎಂಬ ವಾದಕ್ಕೆ ಬಲವಿದೆ. ಆದರೆ ಅದಕ್ಕೆ ವಕೀಲರ ಖರ್ಚೂ ಓಡಾಟವೂ ಇವೆ.

ಈಗ ಅದೇ ಬೀದಿಯಲ್ಲಿ ಇನ್ನೊಬ್ಬರನ್ನು ಊಹಿಸಿಕೊಳ್ಳಿ. ಅವರಿಗೂ ಇಂಥದ್ದೇ ನೋಟಿಸ್ ಬಂದಿತ್ತು. ಇಲಾಖೆಯ ಜೊತೆ ಜಗಳ ಬೇಡ ಎಂದು ಸಾಲ ಮಾಡಿ 2024ರ ಮಾರ್ಚ್‌ನಲ್ಲೇ ಅಷ್ಟೂ ಕಟ್ಟಿದರು. ಹೊಸ ಕಲಂ ಬಂದ ಮೇಲೆ ಹಣ ವಾಪಸ್ ಕೇಳಿದರೆ ಸಿಗುವುದಿಲ್ಲ. 16(5)ರಿಂದಾಗಿ ಕಟ್ಟಬೇಕಿರಲಿಲ್ಲ ಎಂದಾಗುವ ತೆರಿಗೆಯನ್ನು ಆಗಲೇ ಕಟ್ಟಿದ್ದರೆ, ಅಥವಾ ಕ್ರೆಡಿಟ್ಟನ್ನು ವಾಪಸ್ ಮಾಡಿದ್ದರೆ, ಅದನ್ನು ಮರಳಿಸಬೇಕಿಲ್ಲ ಎಂದು ಅದೇ ಹಣಕಾಸು ಕಾಯ್ದೆಯ ಕಲಂ 150 ಬರೆದಿಟ್ಟಿದೆ. ಹೇಳಿದ ಕೂಡಲೇ ಕಟ್ಟಿದವರು ಕಳೆದುಕೊಂಡರು, ಕಟ್ಟದೆ ಕೂತವರು ಉಳಿದುಕೊಂಡರು. ಈ ಇಡೀ ವಿಷಯದಲ್ಲಿ ನನಗೆ ಅತಿ ಹೆಚ್ಚು ನೋವು ಕೊಡುವುದು ಈ ಕಲಂ. ಮೊದಲಿನಿಂದಲೂ ಹಕ್ಕಿತ್ತು ಎಂದು ಕಾಯ್ದೆಯೇ ಒಪ್ಪಿಕೊಂಡ ಮೇಲೆ, ಆ ಹಕ್ಕಿನ ಹಣವನ್ನು ಇಟ್ಟುಕೊಳ್ಳುವುದಕ್ಕೆ ನ್ಯಾಯವಾದ ಕಾರಣ ನನಗೆ ಕಾಣುತ್ತಿಲ್ಲ.

ನೋಂದಣಿ ರದ್ದಾಗಿ ಆಮೇಲೆ ಮರಳಿ ಸಿಕ್ಕವರಿಗೂ ಆಗಲೇ 16(6) ಬಂತು. ರದ್ದಾಗಿದ್ದ ಅವಧಿಯ ರಿಟರ್ನ್‌ಗಳನ್ನು, ನೋಂದಣಿ ಮರಳಿಸಿದ ಆದೇಶದಿಂದ 30 ದಿನದೊಳಗೆ ಹಾಕಿದರೆ ಅವುಗಳಲ್ಲಿನ ಕ್ರೆಡಿಟ್ ಉಳಿಯುತ್ತದೆ. ಆದರೆ ರದ್ದಾದ ದಿನಕ್ಕಾಗಲೇ ಆ ಬಿಲ್ಲಿನ ಗಡುವು ಮುಗಿದಿರಬಾರದು.

2021-22ರಿಂದ ಈಚಿನ ಬಿಲ್ಲುಗಳಿಗೆ ಮಾತ್ರ ಇಂಥ ಯಾವ ಕ್ಷಮೆಯೂ ಇಲ್ಲ. ನಮ್ಮ ಹಾವೇರಿಯ ಅಂಗಡಿಯೇ 2022ರ ಫೆಬ್ರವರಿಯ ರಿಟರ್ನನ್ನು 2023ರ ಜನವರಿ 9ಕ್ಕೆ ಹಾಕಿತ್ತು ಎನ್ನಿ, ಅದರಲ್ಲಿ 90,000 ಕ್ರೆಡಿಟ್ ಇತ್ತು. ಗಡುವು 2022ರ ನವೆಂಬರ್ 30. ನಲವತ್ತು ದಿನ ತಡ, ಕ್ರೆಡಿಟ್ ಹೋಯಿತು. ಇದಕ್ಕೆ 2025ರ ಆಗಸ್ಟ್ ಕೊನೆಗೆ ನೋಟಿಸ್ ಬಂದರೆ ಉತ್ತರ ಬರೆಯುವ ಮೊದಲು ಲೆಕ್ಕ ಹಾಕಬೇಕು. ಮೂಲ ಗಡುವಾದ 2022ರ ಮಾರ್ಚ್ 20ರಿಂದ 2025ರ ಸೆಪ್ಟೆಂಬರ್ 20ರವರೆಗೆ ಮೂರೂವರೆ ವರ್ಷದ ಬಡ್ಡಿ ಶೇಕಡಾ 63, ಅಂದರೆ 56,700. ನೋಟಿಸ್ ಬಂದ 30 ದಿನದೊಳಗೆ ಅಸಲು, ಬಡ್ಡಿ ಎರಡನ್ನೂ ಡಿಆರ್‌ಸಿ-03ರ ಮೂಲಕ ಕಟ್ಟಿದರೆ ದಂಡವಿಲ್ಲ. ಆದೇಶದವರೆಗೆ ಬಿಟ್ಟರೆ ದಂಡ ಶೇಕಡಾ 10 ಅಥವಾ 10,000 ರೂಪಾಯಿ, ಯಾವುದು ಹೆಚ್ಚೋ ಅದು. ಕೇಂದ್ರದ ಕಾಯ್ದೆ, ರಾಜ್ಯದ ಕಾಯ್ದೆ ಎರಡರಡಿಯೂ ಬೇರೆ ಬೇರೆ ಹಾಕುವುದರಿಂದ ಇಲ್ಲಿ ಅದು 9,000 ಅಲ್ಲ, 20,000. 2024-25ರಿಂದ ಈಚಿನ ವರ್ಷಗಳಿಗೆ 74ಎ ಎಂಬ ಹೊಸ ಕಲಂ ಇದೆ, ಅದರಡಿ ದಂಡವಿಲ್ಲದೆ ಕಟ್ಟಲು 60 ದಿನ ಸಿಗುತ್ತದೆ.

ಬಡ್ಡಿಯ ವಿಷಯದಲ್ಲಿ ನೋಟಿಸ್ ಹೇಳಿದ್ದನ್ನೆಲ್ಲ ಒಪ್ಪಿಕೊಳ್ಳಬೇಕಿಲ್ಲ. ತಪ್ಪಾಗಿ ಪಡೆದ ಕ್ರೆಡಿಟ್ಟಿಗೆ ಬಡ್ಡಿ ಬೀಳುವುದು ಅದನ್ನು ಪಡೆದದ್ದಕ್ಕಲ್ಲ, ಪಡೆದು ಬಳಸಿದ್ದಕ್ಕೆ. ಕಲಂ 50(3) ಮತ್ತು ನಿಯಮ 88ಬಿ ಹೇಳುವುದು ಇದನ್ನೇ. ಪೋರ್ಟಲ್‌ನ ಕ್ರೆಡಿಟ್ ಲೆಡ್ಜರ್ ಬ್ಯಾಂಕ್ ಪಾಸ್‌ಬುಕ್ ಇದ್ದ ಹಾಗೆ. ಮರೆತ ಬಿಲ್ಲೊಂದರ 40,000 ರೂಪಾಯಿಯನ್ನು ಗಡುವು ಮೀರಿ ಸೇರಿಸಿದ್ದೀರಿ, ಆದರೆ ಅಂದಿನಿಂದ ಇಂದಿನವರೆಗೆ ಲೆಡ್ಜರ್‌ನಲ್ಲಿ ಬಾಕಿ 60,000ಕ್ಕಿಂತ ಕೆಳಗೆ ಇಳಿದೇ ಇಲ್ಲ ಎಂದಾದರೆ ಆ 40,000 ಬಳಕೆಯಾಗಿಲ್ಲ. ಅಸಲನ್ನು ವಾಪಸ್ ಮಾಡಬೇಕು, ಬಡ್ಡಿ ಸೊನ್ನೆ. ಬಾಕಿ ಒಂದು ದಿನ 25,000ಕ್ಕೆ ಇಳಿದಿದ್ದರೆ 15,000ದಷ್ಟು ಬಳಕೆಯಾಯಿತು, ಬಡ್ಡಿ ಅಷ್ಟಕ್ಕೆ ಮಾತ್ರ. ಇಲಾಖೆಯ ನೋಟಿಸ್‌ಗಳು ಹಲವು ಸಲ ಈ ಲೆಡ್ಜರ್ ನೋಡದೆ ಇಡೀ ಮೊತ್ತಕ್ಕೆ ಶೇಕಡಾ 18 ಗುಣಿಸಿಬಿಡುತ್ತವೆ. ಲೆಡ್ಜರನ್ನು ಡೌನ್‌ಲೋಡ್ ಮಾಡಿ ಉತ್ತರದ ಜೊತೆ ಲಗತ್ತಿಸಿ, ಇಳಿದ ದಿನಗಳಿಗೆ ಗೆರೆ ಎಳೆದು ತೋರಿಸಿ.

ಅಸಲಿನಲ್ಲೂ ನಿಜವಾಗಿ ಅವಧಿ ಮೀರದ ಕೆಲವು ಮೊತ್ತಗಳು ಸೇರಿಕೊಂಡಿರುತ್ತವೆ. ಮಾರಿದವನಿಗೆ 180 ದಿನದೊಳಗೆ ಹಣ ಕೊಡದಿದ್ದರೆ ಪಡೆದ ಕ್ರೆಡಿಟ್ಟನ್ನು ವಾಪಸ್ ಮಾಡಬೇಕೆಂಬ ನಿಯಮವಿದೆ. ಹಣ ಕೊಟ್ಟ ಮೇಲೆ ಅದನ್ನು ಮತ್ತೆ ಪಡೆಯಬಹುದು. ಹೀಗೆ ಮತ್ತೆ ಪಡೆಯುವುದಕ್ಕೆ 16(4)ರ ಗಡುವು ಅನ್ವಯಿಸುವುದಿಲ್ಲ ಎಂದು ನಿಯಮ 37ರಲ್ಲೇ ಬರೆದಿದೆ. ಕಂಪ್ಯೂಟರ್ ಪಟ್ಟಿಗೆ ಮಾತ್ರ ಇದು ಹಳೆಯ ಬಿಲ್ಲಿನ ಹೊಸ ಕ್ರೆಡಿಟ್ ಆಗಿ ಕಾಣುತ್ತದೆ. ಡೆಬಿಟ್ ನೋಟ್‌ನದೂ ಇದೇ ಪಾಡು. ಮೂಲ ಬಿಲ್ಲು 2021ರದಾಗಿದ್ದು, ಬೆಲೆ ಹೆಚ್ಚಿಸಿ ಡೆಬಿಟ್ ನೋಟ್ ಕೊಟ್ಟದ್ದು 2023ರಲ್ಲಾದರೆ, ಗಡುವನ್ನು ಎಣಿಸಬೇಕಾದ್ದು ಡೆಬಿಟ್ ನೋಟ್ ಬಂದ ವರ್ಷದಿಂದ. 2021ರ ಜನವರಿ 1ರಿಂದ ಕಾಯ್ದೆಯೇ ಹಾಗಿದೆ.

ಉತ್ತರವನ್ನು ಡಿಆರ್‌ಸಿ-06ರಲ್ಲಿ ಕೊಡಬೇಕು. ದೀರ್ಘ ಪ್ರಬಂಧ ಬೇಡ. ‘ನೋಟಿಸ್‌ನಲ್ಲಿ ಹೇಳಿದ 2,16,000 ರೂಪಾಯಿ 2018-19ರ ಬಿಲ್ಲುಗಳದು. ಈ ಕ್ರೆಡಿಟ್ಟನ್ನು 10-02-2020ರಂದು ಸಲ್ಲಿಸಿದ ರಿಟರ್ನ್‌ನಲ್ಲಿ ಪಡೆಯಲಾಗಿದೆ, ಸಲ್ಲಿಕೆಯ ಸ್ವೀಕೃತಿ ಲಗತ್ತಿಸಿದೆ. ಕಲಂ 16(5)ರಂತೆ ಇದು ಸಕಾಲದ್ದು. ಆದ್ದರಿಂದ ತೆರಿಗೆ, ಬಡ್ಡಿ, ದಂಡ ಮೂರನ್ನೂ ಕೈಬಿಡಬೇಕು. ಖುದ್ದು ವಿಚಾರಣೆಗೆ ಅವಕಾಶ ಕೋರುತ್ತೇನೆ.’ ಇಷ್ಟು ಸಾಲದೆ? ಜೊತೆಗೆ ಬಿಲ್ಲಿನ ನಂಬರು, ತಾರೀಖು, ಕ್ರೆಡಿಟ್ ಮೊತ್ತ, ಯಾವ ರಿಟರ್ನ್, ಸಲ್ಲಿಸಿದ ದಿನ, ಹೀಗೆ ಐದು ಅಂಕಣದ ಒಂದು ಹಾಳೆ ಇರಲಿ. ಅಧಿಕಾರಿಯ ಮೇಜಿನ ಮೇಲೆ ಓದಿಸಿಕೊಳ್ಳುವುದು ಆ ಹಾಳೆ. ವಿಚಾರಣೆ ಕೇಳುವ ಸಾಲನ್ನು ಬಿಡಬೇಡಿ. ಲಿಖಿತವಾಗಿ ಕೇಳಿದವರಿಗೆ ವಿಚಾರಣೆ ಕೊಡಲೇಬೇಕೆಂದು ಕಲಂ 75(4) ಹೇಳುತ್ತದೆ, ಕೊಡದೆ ಮಾಡಿದ ಆದೇಶ ಮೇಲೆ ನಿಲ್ಲುವುದು ಕಷ್ಟ.

ಇಷ್ಟೆಲ್ಲ ಮಾಡಲು ಮೊದಲು ನೋಟಿಸ್ ಬಂದಿದೆಯೆಂದು ಗೊತ್ತಾಗಬೇಕಲ್ಲ. ಅಂಚೆಯಣ್ಣ ತಂದುಕೊಡುವ ಕಾಲ ಹೋಯಿತು. ನೋಟಿಸ್ ಪೋರ್ಟಲ್‌ನಲ್ಲಿ ಏರುತ್ತದೆ, ನೋಂದಣಿಯಲ್ಲಿ ಕೊಟ್ಟ ಇಮೇಲ್ ಮತ್ತು ಮೊಬೈಲ್‌ಗೆ ಒಂದು ಸಂದೇಶ ಹೋಗುತ್ತದೆ. 2017ರಲ್ಲಿ ನೋಂದಣಿ ಮಾಡಿಸಿಕೊಂಡ ಎಷ್ಟೋ ಅಂಗಡಿಗಳ ಖಾತೆಯಲ್ಲಿ ಇರುವುದು ಅಂದಿನ ಅಕೌಂಟೆಂಟ್‌ನ ಇಮೇಲ್. ಅವರು ಕೆಲಸ ಬಿಟ್ಟು ವರ್ಷಗಳಾಗಿರುತ್ತವೆ. ಪೋರ್ಟಲ್‌ನೊಳಗೂ ನೋಟಿಸ್‌ಗಳು ಒಂದೇ ಜಾಗದಲ್ಲಿ ಇರುವುದಿಲ್ಲ. ಸಾಮಾನ್ಯ ನೋಟಿಸ್‌ಗಳ ಪುಟ ಖಾಲಿ ಕಂಡರೂ ಡಿಆರ್‌ಸಿ-01 ಕೂತಿರುವುದು ಹಲವು ಸಲ ಇಲ್ಲಿ:

```
Services > User Services > View Additional Notices/Orders
```

ಬ್ಯಾಂಕ್ ಖಾತೆ ಜಪ್ತಿಯಾದ ಮೇಲೆ ಈ ಪುಟವನ್ನು ಮೊದಲ ಸಲ ತೆರೆದವರಿದ್ದಾರೆ. ಅಷ್ಟರಲ್ಲಿ ನೋಟಿಸ್‌ನ 30 ದಿನ, ಮೇಲ್ಮನವಿಯ ಮೂರು ತಿಂಗಳು, ಅದರ ಮೇಲೆ ಕಾರಣ ಹೇಳಿ ಪಡೆಯಬಹುದಾದ ಒಂದು ತಿಂಗಳು, ಎಲ್ಲವೂ ಕಳೆದಿರುತ್ತವೆ. ಆದೇಶದಲ್ಲಿ ‘ತೆರಿಗೆದಾರರು ಉತ್ತರ ಕೊಟ್ಟಿಲ್ಲ, ವಿಚಾರಣೆಗೆ ಬಂದಿಲ್ಲ’ ಎಂದು ಬರೆದಿರುತ್ತದೆ. ಅವರು ಅಂಗಡಿಯಲ್ಲೇ ಇದ್ದರು, ಪೈಪು ಅಳೆದು ಕೊಡುತ್ತಿದ್ದರು. ಪ್ರತಿ ತಿಂಗಳು ರಿಟರ್ನ್ ಹಾಕಲು ಲಾಗಿನ್ ಆದಾಗ ಈ ಪುಟವನ್ನೂ ಒಮ್ಮೆ ತೆರೆಯಿರಿ ಎಂದು ನಿಮ್ಮ ರಿಟರ್ನ್ ಹಾಕುವವರಿಗೆ ಹೇಳಿ. ಖಾತೆಯಲ್ಲಿರುವ ಮೊಬೈಲ್ ನಂಬರ್ ಯಾರದೆಂದು ಇವತ್ತೇ ಕೇಳಿ.